ಬಿಜೈಯಲ್ಲಿ 30 ವರ್ಷ ಹಳೆಯ ಫ್ಲ್ಯಾಟ್: 38ಕ್ಕೆ ಕೊಂಡು, ರಿಪೇರಿ ಮಾಡಿ, 54ಕ್ಕೆ ಮಾರಬಹುದೇ?

ಬಿಜೈ ಹೊಸಬ

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಬಿಜೈಯಲ್ಲಿ 1994ರಲ್ಲಿ ಕಟ್ಟಿದ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಮಾರಾಟಕ್ಕಿದೆ. 1,040 ಚದರ ಅಡಿ. ನೆಲಮಹಡಿಯ ಮೇಲೆ ಮೂರು ಮಹಡಿ, ಒಟ್ಟು ಹನ್ನೆರಡು ಮನೆ, ಲಿಫ್ಟ್ ಇಲ್ಲ. ಮಾಲೀಕರು ಮಗನ ಜೊತೆ ಬೆಂಗಳೂರಿನಲ್ಲಿದ್ದಾರೆ. ಮನೆಗೆ ಮೂರು ವರ್ಷದಿಂದ ಬೀಗ ಬಿದ್ದಿದೆ. 38 ಲಕ್ಷ ಕೇಳುತ್ತಿದ್ದಾರೆ.

ನಾನು ಅಲ್ಲಿ ವಾಸಿಸುವುದಿಲ್ಲ. ಚೆನ್ನಾಗಿ ರಿಪೇರಿ ಮಾಡಿಸಿ ಮಾರಬೇಕೆಂಬ ಯೋಚನೆ. ಗುತ್ತಿಗೆದಾರರೊಬ್ಬರು ಕೊಟ್ಟ ಅಂದಾಜು ಹೀಗಿದೆ: ಇಡೀ ಮನೆಗೆ ಹೊಸ ಟೈಲ್ಸ್ 1.6 ಲಕ್ಷ, ಎರಡು ಬಾತ್‌ರೂಮ್ 1.8, ಅಡುಗೆಮನೆ 1.5, ವೈರಿಂಗ್ 0.9, ಫಾಲ್ಸ್ ಸೀಲಿಂಗ್ ಮತ್ತು ವಾರ್ಡ್‌ರೋಬ್ 0.9, ಬಣ್ಣ 0.8. ಒಟ್ಟು 7.5 ಲಕ್ಷ. ಅದೇ ರಸ್ತೆಯಲ್ಲಿ ರಿಪೇರಿ ಆದ ಇಷ್ಟೇ ದೊಡ್ಡ ಮನೆಗೆ 54 ಲಕ್ಷ ಸಿಕ್ಕಿದೆ ಎಂದು ದಲ್ಲಾಳಿ ಹೇಳುತ್ತಾರೆ. 38ಕ್ಕೆ 7.5 ಕೂಡಿಸಿದರೆ 45.5. ಅಂದರೆ ಎಂಟೂವರೆ ಲಕ್ಷ ಲಾಭ. ಮೂರು ತಿಂಗಳಲ್ಲಿ ಕೆಲಸ ಮುಗಿಯುತ್ತದೆಯಂತೆ. ಕೈಯಲ್ಲಿರುವ ಹಣದ ಜೊತೆಗೆ 20 ಲಕ್ಷ ಸಾಲ ಮಾಡುತ್ತೇನೆ, ಬಡ್ಡಿ 9 ಪ್ರತಿಶತ.

ಈಗ ಜುಲೈ. ಈ ತಿಂಗಳೇ ನೋಂದಣಿ ಮಾಡಿಸಿ ಆಗಸ್ಟ್‌ನಲ್ಲಿ ಕೆಲಸ ಶುರು ಮಾಡೋಣ ಎಂದಿದ್ದೇನೆ. ಅನುಭವ ಇರುವವರು ದಯವಿಟ್ಟು ಹೇಳಿ, ಎಲ್ಲಿ ತಪ್ಪುತ್ತಿದ್ದೇನೆ?

ಕಂಕನಾಡಿ ದಲ್ಲಾಳಿ

ಬಿಜೈಗೆ ಬೇಡಿಕೆ ಇದ್ದೇ ಇದೆ. ಬಸ್ ನಿಲ್ದಾಣ ಹತ್ತಿರ, ಶಾಲೆ ಹತ್ತಿರ. 54 ಸಿಗಬಹುದು. ಆದರೆ ಲಿಫ್ಟ್ ಇಲ್ಲದ ಎರಡನೆಯ ಮಹಡಿ ಎಂದ ಕೂಡಲೇ ವಯಸ್ಸಾದ ತಂದೆತಾಯಿ ಇರುವವರು ಹಿಂದೆ ಸರಿಯುತ್ತಾರೆ. ಆ 54ರ ಮನೆಗೆ ಲಿಫ್ಟ್ ಇತ್ತೇ ಎಂದು ಮೊದಲು ವಿಚಾರಿಸಿ.

ಬಿಜೈ ಹೊಸಬ

ಈಗ ವಿಚಾರಿಸಿದೆ. ಲಿಫ್ಟ್ ಇತ್ತಂತೆ. ಕಾರು ನಿಲ್ಲಿಸಲು ಮುಚ್ಚಿದ ಜಾಗವೂ ಇತ್ತಂತೆ. ಈ ಮನೆಗೆ ತೆರೆದ ಜಾಗ ಮಾತ್ರ.

ಕಂಕನಾಡಿ ದಲ್ಲಾಳಿ

ಹಾಗಾದರೆ 52 ಎಂದು ಇಟ್ಟುಕೊಳ್ಳಿ.

ಮುರಕಲ್ಲು

ಹೊಸಬರೇ, ನಾನು ಇಪ್ಪತ್ತೆರಡು ವರ್ಷದಿಂದ ಇದೇ ಊರಿನಲ್ಲಿ ಕಟ್ಟಡದ ಕೆಲಸ ಮಾಡಿಸುತ್ತಿದ್ದೇನೆ. ಹಳೆಯ ಫ್ಲ್ಯಾಟ್ ಕೊಂಡು ಮಾರಿದ್ದು ನಾಲ್ಕು ಬಾರಿ. ಅದರಲ್ಲಿ ಒಂದರಲ್ಲಿ ಕೈಸುಟ್ಟುಕೊಂಡಿದ್ದೇನೆ. ನಿಮ್ಮ ಲೆಕ್ಕದಲ್ಲಿ ಮನೆಯ ಬೆಲೆ ಇದೆ, ರಿಪೇರಿ ಇದೆ. ನಡುವೆ ಸೋರಿಹೋಗುವ ಹಣ ಇಲ್ಲ. ಅದನ್ನು ಸೇರಿಸಿ ನೋಡೋಣ.

38 ಲಕ್ಷಕ್ಕೆ ಮುದ್ರಾಂಕ ಶುಲ್ಕ ಮತ್ತು ನೋಂದಣಿ ಸೇರಿ 7.6 ಪ್ರತಿಶತ, ಅಂದರೆ 2.89 ಲಕ್ಷ. ಕೊಳ್ಳುವಾಗಿನ ದಲ್ಲಾಳಿ 38,000, ವಕೀಲರು 15,000. ಹಳೆಯ ಮನೆ ಒಡೆದ ಮೇಲೆ ಅಂದಾಜಿನಲ್ಲಿ ಇಲ್ಲದ್ದು ಏನಾದರೂ ಹೊರಬಂದೇ ಬರುತ್ತದೆ, ಅದಕ್ಕೆ ಹತ್ತರಲ್ಲಿ ಒಂದು ಪಾಲು, 75,000. ಸಾಲದ ಬಡ್ಡಿ ತಿಂಗಳಿಗೆ 15,000. ಮೂರು ತಿಂಗಳು ಕೆಲಸ ಎಂದರೂ ಕೊಳ್ಳುವವರು ಸಿಕ್ಕಿ, ಅವರ ಸಾಲ ಮಂಜೂರಾಗಿ, ಹಣ ನಿಮ್ಮ ಕೈಗೆ ಬರುವಾಗ ಹತ್ತು ತಿಂಗಳು. ಅಲ್ಲಿಗೆ ಒಂದೂವರೆ ಲಕ್ಷ. ನಿರ್ವಹಣಾ ಶುಲ್ಕ, ವಿದ್ಯುತ್ 30,000. ಮಾರುವಾಗಿನ ದಲ್ಲಾಳಿ 54,000.

ಒಟ್ಟು 52 ಲಕ್ಷದ ಮೇಲೆ ಒಂದು ಸಾವಿರ. 54ಕ್ಕೆ ಮಾರಿದರೆ ಉಳಿಯುವುದು ಎರಡು ಲಕ್ಷ. ದಲ್ಲಾಳಿಯವರು ಈಗ ಹೇಳಿದ 52ಕ್ಕೆ ಮಾರಿದರೆ ಏನೂ ಉಳಿಯುವುದಿಲ್ಲ. ಇನ್ನೂ ತೆರಿಗೆಯ ಮಾತು ಬಂದಿಲ್ಲ.

ಬಿಜೈ ಹೊಸಬ

ಇದನ್ನು ಓದಿ ಎದೆ ಧಸಕ್ಕೆಂದಿತು. ಆದರೆ 7.6 ಎಲ್ಲಿಂದ ಬಂತು ಸರ್? ನಾನು 6.6 ಎಂದು ಕೇಳಿದ್ದೆ.

ಪಡುವಣ ಗಾಳಿ

6.6 ಕೂಡ ಅಲ್ಲ. 45 ಲಕ್ಷದ ಒಳಗಿನ ಫ್ಲ್ಯಾಟ್‌ಗೆ ಮುದ್ರಾಂಕ ಶುಲ್ಕ ಬರೀ 3 ಪ್ರತಿಶತ. ನನ್ನ ತಂಗಿ ಕೊಟ್ಟಾರದಲ್ಲಿ ಕೊಂಡಾಗ ಅಷ್ಟೇ ಕಟ್ಟಿದ್ದು.

ಲೆಕ್ಕದ ಪುಸ್ತಕ

ನಿಮ್ಮ ತಂಗಿ ಕೊಂಡದ್ದು ಬಿಲ್ಡರ್‌ನಿಂದ ನೇರವಾಗಿ ಹೊಸ ಫ್ಲ್ಯಾಟ್ ಇರಬೇಕು. ಆ ರಿಯಾಯಿತಿ ಮೊದಲ ಮಾರಾಟಕ್ಕೆ ಮಾತ್ರ. ಮರುಮಾರಾಟಕ್ಕೆ 5 ಪ್ರತಿಶತ, ಅದರ ಮೇಲೆ ಸೆಸ್ ಮತ್ತು ನಗರದ ಸರ್ಚಾರ್ಜ್ ಸೇರಿ 5.6. ನೋಂದಣಿ ಶುಲ್ಕ 1 ಇದ್ದದ್ದು 2025ರ ಆಗಸ್ಟ್ 31ರಿಂದ 2 ಆಯಿತು. 6.6 ಎಂಬುದು ಅದಕ್ಕೂ ಹಿಂದಿನ ಲೆಕ್ಕ. ಮುರಕಲ್ಲು ಅವರು ಹೇಳಿದ 7.6 ಸರಿ.

ಇನ್ನೊಂದು ಮಾತು. ಬೆಲೆ ಚೌಕಾಸಿ ಮಾಡಿ ಇಳಿಸಿದರೂ ಸರ್ಕಾರದ ಮಾರ್ಗಸೂಚಿ ಬೆಲೆ ಅದಕ್ಕಿಂತ ಹೆಚ್ಚಿದ್ದರೆ ಶುಲ್ಕ ಮಾರ್ಗಸೂಚಿ ಬೆಲೆಯ ಮೇಲೆಯೇ. ಆ ಕಟ್ಟಡದ ದರವನ್ನು ಉಪನೋಂದಣಿ ಕಚೇರಿಯಲ್ಲಿ ಕೇಳಿಕೊಂಡು ಆಮೇಲೆ ಮಾತಿಗೆ ಕೂರಿ. ಇ-ಖಾತಾ ಆಗಿದೆಯೇ ಎಂಬುದನ್ನೂ ಮೊದಲೇ ನೋಡಿ. 2024ರ ಅಕ್ಟೋಬರ್‌ನಿಂದ ಅದಿಲ್ಲದೆ ನೋಂದಣಿ ಇಲ್ಲ. ಬೆಂಗಳೂರಿನಲ್ಲಿ ಕುಳಿತ ಮಾಲೀಕರು ಅದನ್ನು ಮಾಡಿಸಿರುವುದು ಅಪರೂಪ.

ಪಡುವಣ ಗಾಳಿ

ಸರಿ, ಒಪ್ಪಿದೆ. ಆದರೆ ಶುಲ್ಕವನ್ನೇ ಉಳಿಸುವ ದಾರಿ ಇದೆಯಲ್ಲ? ಈಗ ಬರೀ ಕರಾರು ಪತ್ರ ಮಾಡಿಕೊಂಡು ಕೀಲಿ ತೆಗೆದುಕೊಳ್ಳುವುದು, ರಿಪೇರಿ ಮಾಡಿಸುವುದು, ಆಮೇಲೆ ಹಳೆಯ ಮಾಲೀಕರಿಂದ ನೇರವಾಗಿ ಕೊನೆಯವರ ಹೆಸರಿಗೆ ನೋಂದಣಿ. ತುಂಬಾ ಜನ ಹೀಗೆ ಮಾಡುತ್ತಾರೆ.

ಲೆಕ್ಕದ ಪುಸ್ತಕ

ಸ್ವಾಧೀನ ಕೊಟ್ಟ ಕರಾರಿಗೆ ಕರ್ನಾಟಕದಲ್ಲಿ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ. ಸ್ವಾಧೀನ ಇಲ್ಲದೆ ರಿಪೇರಿ ಮಾಡಿಸಲು ಆಗುವುದಿಲ್ಲ. ಹಾಗಾಗಿ ನೀವು ಹೇಳಿದ ಉಳಿತಾಯ ಕಾಗದದ ಮೇಲೆಯೇ ನಿಲ್ಲುವುದಿಲ್ಲ.

ಮುರಕಲ್ಲು

ಕಾನೂನು ಬಿಡಿ, ಬೇರೆಯವರ ಹೆಸರಿನಲ್ಲಿರುವ ಗೋಡೆಗೆ ಲಕ್ಷಗಟ್ಟಲೆ ಸುರಿಯುವುದು ನನಗೆ ಭಯದ ಕೆಲಸ. ರಿಪೇರಿ ಆದ ಮನೆ ನೋಡಿ ಮಾಲೀಕರ ಮಗನ ಮನಸ್ಸು ಬದಲಾದರೆ ನೀವು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯಬೇಕು. ನಾನು ಮೇಲೆ ಹೇಳಿದ ಕೈಸುಟ್ಟ ಪ್ರಸಂಗ ಇದೇ. ಹೆಚ್ಚು ಹೇಳುವುದಿಲ್ಲ.

ಮಣಿಪಾಲದ ಬಾಡಿಗೆ

ನನ್ನ ಪ್ರಕಾರ ಎರಡು ಬೆಡ್‌ರೂಮ್ ಬೇಡ, ಒಂದು ಬೆಡ್‌ರೂಮಿನದ್ದು ತೆಗೆದುಕೊಳ್ಳಿ. ವಿದ್ಯಾರ್ಥಿಗಳಿಗೆ ಕೊಟ್ಟರೆ ಜೂನ್‌ನಿಂದ ಮುಂದಿನ ಜೂನ್‌ವರೆಗೆ ಚಿಂತೆ ಇಲ್ಲ. ನಾನು ಮಂಚ, ಮೇಜು, ಎ.ಸಿ. ಎಲ್ಲ ಹಾಕಿಸಿ ಕೊಟ್ಟಿದ್ದೇನೆ. ಹಾಸಿಗೆಯನ್ನು ಮಾತ್ರ ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ.

ಉರ್ವದ ಅಕ್ಕ

ಅವರು ಬಾಡಿಗೆಗೆ ಕೊಡಲು ಕೇಳುತ್ತಿಲ್ಲ ಮಾರಾಯರೇ, ಮಾರಲು ಕೇಳುತ್ತಿದ್ದಾರೆ.

ಹೊಸಬರೇ, ಮನೆಯ ನೆಲ ಯಾವುದು? 1994ರದ್ದಾದರೆ ಮೊಸಾಯಿಕ್ ಇರಬೇಕು.

ಬಿಜೈ ಹೊಸಬ

ಹೌದು ಅಕ್ಕ, ಮೊಸಾಯಿಕ್. ಮಂಕಾಗಿದೆ, ಆದರೆ ಬಿರುಕು ಬಿಟ್ಟಿಲ್ಲ. ಅಡುಗೆಮನೆಯಲ್ಲಿ ಮಾತ್ರ ಎರಡು ಕಡೆ ಎದ್ದಿದೆ.

ಮುರಕಲ್ಲು ಸರ್, ಒಂದು ವಿಷಯ ಬರೆಯಲು ಮರೆತೆ. ಮನೆಯಲ್ಲಿ ಮೂರು ಕಡೆ ಒದ್ದೆಯ ಗುರುತು ಇದೆ. ಹಾಲ್‌ಗೆ ಹೊಂದಿದ ಬಾತ್‌ರೂಮಿನ ಮೇಲ್ಛಾವಣಿಯಲ್ಲಿ ಕಂದು ಕಲೆ. ಪಶ್ಚಿಮದ ಬೆಡ್‌ರೂಮಿನಲ್ಲಿ ಕಿಟಕಿಯ ಕೆಳಗೆ ಬಣ್ಣ ಗುಳ್ಳೆ ಎದ್ದಿದೆ. ಅಡುಗೆಮನೆ ಮತ್ತು ಬಾತ್‌ರೂಮಿನ ನಡುವಿನ ಗೋಡೆಯಲ್ಲಿ ನೆಲದಿಂದ ಒಂದು ಅಡಿ ಎತ್ತರಕ್ಕೆ ಬಿಳಿ ಪುಡಿ ಉದುರುತ್ತದೆ. ಗುತ್ತಿಗೆದಾರರು ಮೂರಕ್ಕೂ ವಾಟರ್‌ಪ್ರೂಫ್ ಪುಟ್ಟಿ ಬಳಿದು ಬಣ್ಣ ಹೊಡೆದರೆ ಸರಿಯಾಗುತ್ತದೆ ಎಂದರು.

ಮುರಕಲ್ಲು

ಆ ಗುತ್ತಿಗೆದಾರರಿಗೆ ಕೆಲಸ ಕೊಡಬೇಡಿ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನೀವು ಬರೆದ ಮೂರು ಗುರುತುಗಳಿಗೆ ಮೂರು ಬೇರೆ ಬೇರೆ ಮೂಲ. ಮೂರಕ್ಕೂ ಒಂದೇ ಮದ್ದು ಹೇಳಿದವರು ಗೋಡೆಯನ್ನು ನೋಡಿಲ್ಲ.

ಕಿಟಕಿಯ ಕೆಳಗಿನದು ಮಳೆ ನೀರು. ನಮ್ಮಲ್ಲಿ ಮುಂಗಾರು ಗಾಳಿ ಕಡಲ ಕಡೆಯಿಂದ ಪಶ್ಚಿಮದ ಗೋಡೆಗೇ ಬಡಿಯುತ್ತದೆ. ಕಿಟಕಿಯ ಚೌಕಟ್ಟು ಮತ್ತು ಗೋಡೆಯ ಸಂದಿನಲ್ಲಿ, ಸನ್‌ಶೇಡ್ ಗೋಡೆಗೆ ಸೇರುವ ಗೆರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು. ಇದು ಜುಲೈಯಲ್ಲಿ ಹೆಚ್ಚಾಗುತ್ತದೆ, ಜನವರಿಯಲ್ಲಿ ಒಣಗುತ್ತದೆ. ಮದ್ದು ಹೊರಗಿನಿಂದ ಹಾಕಬೇಕು. ಒಳಗಿನಿಂದ ಪುಟ್ಟಿ ಬಳಿದರೆ ಮುಂದಿನ ಮಳೆಗೆ ಪುಟ್ಟಿಯ ಸಮೇತ ಕೆಳಗೆ ಬೀಳುತ್ತದೆ.

ಬಾತ್‌ರೂಮಿನ ಮೇಲಿನ ಕಂದು ಕಲೆ ಮೇಲಿನ ಮನೆಯವರ ಬಾತ್‌ರೂಮಿನ ನೀರು. ಮಳೆಗೂ ಅದಕ್ಕೂ ಸಂಬಂಧ ಇಲ್ಲ, ವರ್ಷವಿಡೀ ಇರುತ್ತದೆ. ಅಲ್ಲಿ ನೋಡಬೇಕಾದದ್ದು ಕಲೆಯನ್ನಲ್ಲ, ಬಿರುಕನ್ನು. ಕಬ್ಬಿಣದ ಸರಳು ಓಡಿದ ದಾರಿಯಲ್ಲೇ ನೇರ ಬಿರುಕು ಇದ್ದರೆ ಒಳಗೆ ಸರಳು ತುಕ್ಕು ಹಿಡಿದಿದೆ ಎಂದು ಅರ್ಥ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಕಾಂಕ್ರೀಟನ್ನು ಒಡೆದು ಹೊರಗೆ ತಳ್ಳುತ್ತದೆ. ಸಣ್ಣ ಸುತ್ತಿಗೆ ತೆಗೆದುಕೊಂಡು ಹೋಗಿ, ಛಾವಣಿಗೆ ಮೆಲ್ಲನೆ ತಟ್ಟಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಕಾಂಕ್ರೀಟ್ ಬಿಟ್ಟುಕೊಂಡ ಜಾಗ ಒಡೆದ ಮಡಕೆಯ ಹಾಗೆ ಟೊಳ್ಳು ಸದ್ದು ಮಾಡುತ್ತದೆ. ಎರಡು ಮೂರು ಚದರ ಅಡಿ ಆದರೆ ಕೆತ್ತಿ, ತುಕ್ಕು ಉಜ್ಜಿ, ಸರಳಿಗೆ ಬಣ್ಣ ಬಳಿದು, ಪಾಲಿಮರ್ ಗಾರೆ ತುಂಬಬಹುದು. ಹಾಲ್‌ನಲ್ಲಿ, ಬೆಡ್‌ರೂಮಿನಲ್ಲಿ ಎಲ್ಲ ಕಡೆ ಅದೇ ಸದ್ದು ಬಂದರೆ ಕೈಮುಗಿದು ಹೊರಗೆ ಬನ್ನಿ. ಅದು ನಿಮ್ಮ ಮನೆಯ ರಿಪೇರಿ ಅಲ್ಲ, ಇಡೀ ಕಟ್ಟಡದ ಕಾಯಿಲೆ.

ಮೂರನೆಯದು, ನೆಲಮಟ್ಟದ ಬಿಳಿ ಪುಡಿ, ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತರುವುದು ಅದು. ಮೂರು ವರ್ಷದಿಂದ ಯಾರೂ ಆ ಬಾತ್‌ರೂಮ್ ಬಳಸಿಲ್ಲ. ಆದರೂ ಗೋಡೆ ಒದ್ದೆ. ಹಾಗಾದರೆ ನೀರು ಎಲ್ಲಿಂದ? ಒಂದೋ ಗೋಡೆಯೊಳಗಿನ ಹಳೆಯ ಜಿ.ಐ. ಪೈಪ್ ತುಕ್ಕು ಹಿಡಿದು ತೂತಾಗಿದೆ, ಟ್ಯಾಂಕಿನ ನೀರಿನ ಒತ್ತಡ ಹಗಲೂ ರಾತ್ರಿ ಅದರ ಮೇಲಿದೆ. ಇಲ್ಲವೇ ಮೇಲಿನ ಮನೆಯ ನೀರು ಗೋಡೆಯೊಳಗೇ ಇಳಿದು ನಿಮ್ಮ ಬಾತ್‌ರೂಮಿನ ತಗ್ಗಿನಲ್ಲಿ ಸೇರುತ್ತಿದೆ. ಆ ಕಾಲದ ಬಾತ್‌ರೂಮುಗಳಲ್ಲಿ ಸ್ಲ್ಯಾಬನ್ನು ಒಂದು ಅಡಿ ತಗ್ಗಿಸಿ, ಪೈಪ್ ಹಾಕಿ, ಕಲ್ಲಿನ ಚೂರು ತುಂಬಿ ಮುಚ್ಚುತ್ತಿದ್ದರು. ಆ ಚೂರು ನೀರು ಕುಡಿದು ಕೂತರೆ ವರ್ಷಗಟ್ಟಲೆ ಆರುವುದಿಲ್ಲ. ಮನೆಗೆ ಬರುವ ನೀರಿನ ವಾಲ್ವನ್ನು ಹತ್ತು ಹದಿನೈದು ದಿನ ಮುಚ್ಚಿಸಿಡಿ. ಪುಡಿಯನ್ನು ಗುಡಿಸಿ ತೆಗೆದು ಗೋಡೆಯ ಮೇಲೆ ಪೆನ್ಸಿಲಿನಿಂದ ಒದ್ದೆಯ ಗಡಿ ಬರೆದಿಡಿ. ಗಡಿ ಇಳಿದರೆ ಪೈಪ್. ಇಳಿಯದಿದ್ದರೆ ತಗ್ಗು.

ಮತ್ತೊಂದು, ಕೆಳಗಿನ ಮನೆಯವರ ಬಾತ್‌ರೂಮಿನ ಛಾವಣಿ ಒಣಗಿದೆ ಎಂದು ಸಮಾಧಾನ ಪಡಬೇಡಿ. ಬಳಸದ ಬಾತ್‌ರೂಮ್ ಸೋರುವುದಿಲ್ಲ. ನೀರು ಹೊರಹೋಗುವ ಟ್ರ್ಯಾಪಿನ ಬಾಯಿ ಮುಚ್ಚಿ, ನೆಲದಲ್ಲಿ ಎರಡು ಇಂಚು ನೀರು ನಿಲ್ಲಿಸಿ, ಎರಡು ದಿನ ಬಿಟ್ಟು ಕೆಳಗೆ ಹೋಗಿ ನೋಡಬೇಕು. ಕೆಳಗಿನವರಿಗೆ ಮೊದಲೇ ಹೇಳಿ ಮಾಡಿ.

ಉರ್ವದ ಅಕ್ಕ

ಕೊನೆಯ ಸಾಲು ದಪ್ಪಕ್ಷರದಲ್ಲಿ ಬರೆಯಬೇಕಿತ್ತು. ನಾನು ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ. ಯಾರೋ ಹೇಳದೆ ನೀರು ನಿಲ್ಲಿಸಿ ಪರೀಕ್ಷೆ ಮಾಡಿದರು, ಕೆಳಗಿನ ಮನೆಯ ದೇವರ ಕೋಣೆಯಲ್ಲಿ ತೊಟ್ಟಿಕ್ಕಿತು. ಆರು ತಿಂಗಳು ಎರಡು ಮನೆಯವರು ಮಾತಾಡಲಿಲ್ಲ.

ಸಂಘದ ನಿಯಮಗಳನ್ನೂ ಕೊಳ್ಳುವ ಮೊದಲೇ ಕೇಳಿ. ನಮ್ಮಲ್ಲಿ ಒಡೆಯುವ ಕೆಲಸ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ಭಾನುವಾರ ಇಲ್ಲ, ಮಧ್ಯಾಹ್ನ ಒಂದರಿಂದ ಮೂರು ಸದ್ದು ಮಾಡುವಂತಿಲ್ಲ. ಅಂದರೆ ದಿನಕ್ಕೆ ಐದು ಗಂಟೆ. ಮೂರು ತಿಂಗಳು ಎಂದವರಿಗೆ ಇದು ಗೊತ್ತೇ?

ಮುರಕಲ್ಲು

ಅಕ್ಕ ಹೇಳಿದ್ದು ಸರಿ. ಅದರ ಮೇಲೆ ಲಿಫ್ಟ್ ಇಲ್ಲ. ಎರಡು ಬಾತ್‌ರೂಮಿನ ತಗ್ಗಿನ ಚೂರು, ಗೋಡೆಯ ಟೈಲ್ಸ್, ಪ್ಲಾಸ್ಟರ್ ಸೇರಿದರೆ ನೂರಕ್ಕೂ ಹೆಚ್ಚು ಸಿಮೆಂಟ್ ಚೀಲದಷ್ಟು ಅವಶೇಷ. ಅಷ್ಟನ್ನೂ ತಲೆಹೊರೆಯಲ್ಲಿ ಮೆಟ್ಟಿಲಿಳಿಸಬೇಕು, ಹೊಸ ಮರಳು, ಸಿಮೆಂಟ್, ಟೈಲ್ಸನ್ನು ಅದೇ ಮೆಟ್ಟಿಲಿನಲ್ಲಿ ಹತ್ತಿಸಬೇಕು. 1.8 ಲಕ್ಷದಲ್ಲಿ ಎರಡು ಬಾತ್‌ರೂಮ್ ಎಂದವರು ಹಳೆಯ ನೆಲದ ಮೇಲೆಯೇ ಟೈಲ್ಸ್ ಅಂಟಿಸುವವರು. ತಗ್ಗನ್ನು ಖಾಲಿ ಮಾಡಿ, ಬರಿಯ ಸ್ಲ್ಯಾಬಿಗೆ ಲೇಪನ ಹಾಕಿ, ನೀರು ನಿಲ್ಲಿಸಿ ನೋಡಿ, ಪೈಪ್ ಹೊಸದು ಮಾಡಿ, ತುಂಬಿಸಿ, ಮೇಲೆ ಮತ್ತೊಂದು ಲೇಪನ ಹಾಕಿ ಟೈಲ್ಸ್ ಹಾಕಿದರೆ 2.4 ಬೇಕು.

ಕಂಕನಾಡಿ ದಲ್ಲಾಳಿ

ನೀವು ಎಲ್ಲ ಹಣವನ್ನೂ ನೆಲದ ಕೆಳಗೆ ಹೂಳುತ್ತಿದ್ದೀರಿ. ಕೊಳ್ಳುವವರು ಮನೆಯೊಳಗೆ ಇರುವುದು ಹತ್ತು ನಿಮಿಷ. ಬಾಗಿಲು ತೆಗೆದ ಕೂಡಲೇ ಬೆಳಕು, ಫಾಲ್ಸ್ ಸೀಲಿಂಗ್, ಹೊಳೆಯುವ ನೆಲ ಕಾಣಬೇಕು. ಮೊಸಾಯಿಕ್ ನೆಲ ನೋಡಿದರೆ ಅಜ್ಜಿಯ ಮನೆ ಎನ್ನುತ್ತಾರೆ. ಟೈಲ್ಸ್ ಹಾಕಿದರೆ ಬೆಲೆಯಲ್ಲಿ ಒಂದೂವರೆ ಲಕ್ಷ ಹೆಚ್ಚು ಸಿಗುತ್ತದೆ, ನಾನು ಮಾರಿ ನೋಡಿದ್ದೇನೆ.

ಮುರಕಲ್ಲು

1.6 ಖರ್ಚು ಮಾಡಿ 1.5 ಪಡೆಯುವುದು ಯಾವ ವ್ಯಾಪಾರ?

ಕಂಕನಾಡಿ ದಲ್ಲಾಳಿ

ಎರಡು ತಿಂಗಳು ಬೇಗ ಮಾರಾಟವಾಗುತ್ತದೆ, ಆ ಬಡ್ಡಿ ಉಳಿಯುತ್ತದೆ. ಅದನ್ನು ಯಾಕೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ?

ಉರ್ವದ ಅಕ್ಕ

ಮೊಸಾಯಿಕ್ ಬಗ್ಗೆ ಹಾಗೆ ಮಾತಾಡಬೇಡಿ. ಬರಿಗಾಲಿಗೆ ಅದರ ತಂಪು ಯಾವ ಟೈಲ್ಸಿಗೂ ಇಲ್ಲ. ನಾವು ಕಳೆದ ವರ್ಷ ಯಂತ್ರದಿಂದ ಉಜ್ಜಿಸಿದೆವು. ಒರಟು ಕಲ್ಲಿನಿಂದ ಶುರು ಮಾಡಿ ನಯ ಕಲ್ಲಿನವರೆಗೆ ಐದಾರು ಸಲ ಉಜ್ಜಿದರು. ಒಳಗಿನ ಬಿಳಿ, ಕೆಂಪು, ಕಪ್ಪು ಚೂರುಗಳು ಹೊಸದರಂತೆ ಎದ್ದು ಬಂದವು. ಮನೆಗೆ ಬಂದವರು ಯಾವ ಹೊಸ ಕಲ್ಲು ಹಾಕಿಸಿದ್ದು ಎಂದು ಕೇಳಿದರು. ಒಂದೇ ಎಚ್ಚರಿಕೆ, ಉಜ್ಜುವಾಗ ಬೂದಿ ಬಣ್ಣದ ಕೆಸರು ಗೋಡೆಗೆಲ್ಲ ಸಿಡಿಯುತ್ತದೆ. ಬಣ್ಣಕ್ಕೆ ಮೊದಲು ಮಾಡಿಸಬೇಕು.

ಮುರಕಲ್ಲು

ನಾನು ಅಕ್ಕನ ಪಕ್ಷ. ನನಗೆ ಈಚೆಗೆ ಬಂದ ದರದಲ್ಲಿ ಈ ಮನೆಗೆ 40,000 ಸಾಕು. ಆದರೆ ದಲ್ಲಾಳಿಯವರು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಅಡುಗೆಮನೆಯನ್ನು ಮಾತ್ರ ಹಳೆಯದಾಗಿ ಬಿಡಬಾರದು, ಮನೆ ನೋಡಲು ಬಂದವರು ಅಲ್ಲಿಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ವಾರ್ಡ್‌ರೋಬ್, ಫಾಲ್ಸ್ ಸೀಲಿಂಗ್ ಬೇಡ. ಹಳೆಯ ಕಟ್ಟಡದಲ್ಲಿ ಹೊಸ ಸೀಲಿಂಗ್ ಕಂಡರೆ ತಿಳಿದವರು ಮೇಲೆ ಏನನ್ನು ಮುಚ್ಚಿದ್ದೀರಿ ಎಂದೇ ಕೇಳುತ್ತಾರೆ.

ನನ್ನ ಪಟ್ಟಿ: ಬಾತ್‌ರೂಮ್ 2.4, ಅಡುಗೆಮನೆ 1.1, ವೈರಿಂಗ್ 0.9, ಬಣ್ಣ 0.8, ನೆಲ 0.4. ಒಟ್ಟು 5.6, ಅನಿರೀಕ್ಷಿತಕ್ಕೆ 0.6. ಅಲ್ಲಿಗೆ 6.2 ಲಕ್ಷ.

ಬಿಜೈ ಹೊಸಬ

ಸಮಯದ ಬಗ್ಗೆ ಹೇಳಿ ಸರ್. ಆಗಸ್ಟ್‌ನಲ್ಲಿ ಶುರು ಮಾಡುವುದು ತಪ್ಪೇ? ಒಳಗಿನ ಕೆಲಸ ತಾನೆ, ಮಳೆ ಏನು ಮಾಡುತ್ತದೆ?

ಮುರಕಲ್ಲು

ಮಳೆ ಒಳಗೆ ಬರುವುದಿಲ್ಲ, ಅದರ ತೇವ ಬರುತ್ತದೆ. ಆಗಸ್ಟ್‌ನಲ್ಲಿ ಹಾಕಿದ ಪ್ಲಾಸ್ಟರ್ ಸೆಪ್ಟೆಂಬರ್‌ನಲ್ಲೂ ಹಸಿ. ಅದರ ಮೇಲೆ ಪುಟ್ಟಿ, ಬಣ್ಣ ಹೊಡೆದರೆ ನವೆಂಬರ್‌ನಲ್ಲಿ ಸಿಪ್ಪೆ ಏಳುತ್ತದೆ, ಸರಿಯಾಗಿ ನೀವು ಮನೆ ತೋರಿಸುವ ಹೊತ್ತಿಗೆ. ಹೊಸ ಪ್ಲಾಸ್ಟರಿಗೆ ನಾಲ್ಕು ವಾರ ಬಿಡಬೇಕು. ಆಮೇಲೂ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಒಳಬದಿಯಲ್ಲಿ ಬೆವರು ಕಂಡರೆ ಬಣ್ಣ ಬೇಡ.

ಹಾಗಾಗಿ ಕ್ರಮ ಹೀಗಿರಲಿ. ಈ ಜುಲೈಯಲ್ಲಿ ಮನೆ ನೋಡಿ, ಸೋರುವುದೆಲ್ಲ ಈಗ ಕಾಣುತ್ತದೆ. ಆಗಸ್ಟ್‌ನಲ್ಲಿ ಸಣ್ಣ ಮುಂಗಡ ಕೊಟ್ಟು ಕರಾರು, ಕೀಲಿ ಬೇಡ. ಸೆಪ್ಟೆಂಬರ್ ಕೊನೆಗೆ ನೋಂದಣಿ. ಅಲ್ಲಿಯವರೆಗೆ ಸಾಲದ ಬಡ್ಡಿ ಶುರುವಾಗುವುದಿಲ್ಲ, ಇ-ಖಾತಾಕ್ಕೂ ಸಮಯ ಸಿಗುತ್ತದೆ. ಅಕ್ಟೋಬರ್‌ನಲ್ಲಿ ಒಡೆಯುವುದು, ವೈರಿಂಗ್ ಮತ್ತು ಪೈಪ್ ಕೊರೆಯುವುದು. ಸಂಜೆ ಮಳೆ ಇದ್ದರೂ ಆ ಕೆಲಸಕ್ಕೆ ತೊಂದರೆ ಇಲ್ಲ. ನವೆಂಬರ್ ಬಾತ್‌ರೂಮ್, ಕಿಟಕಿಯ ಹೊರಬದಿ. ಡಿಸೆಂಬರ್ ಅಡುಗೆಮನೆ, ನೆಲ ಉಜ್ಜುವುದು. ಜನವರಿ ಬಣ್ಣ. ಫೆಬ್ರವರಿಯಿಂದ ತೋರಿಸಿ.

ಕಂಕನಾಡಿ ದಲ್ಲಾಳಿ

ಇದಕ್ಕೆ ನನ್ನ ಪೂರ್ಣ ಒಪ್ಪಿಗೆ. ಮೇ ಕೊನೆಯೊಳಗೆ ಮಾರಲೇಬೇಕು. ಜೂನ್‌ನಲ್ಲಿ ಮಳೆ, ಅದರ ಹಿಂದೆಯೇ ಆಟಿ ತಿಂಗಳು. ಆಟಿಯಲ್ಲಿ ನಮ್ಮ ಕಡೆ ಯಾರೂ ಮನೆಯ ಮಾತು ಎತ್ತುವುದಿಲ್ಲ. ಗಲ್ಫ್‌ನಲ್ಲಿರುವ ಕೆಲವರು ರಜೆಗೆ ಬರುವುದೂ ಏಪ್ರಿಲ್, ಮೇಯಲ್ಲಿ. ಆ ಅವಕಾಶ ತಪ್ಪಿದರೆ ನೇರವಾಗಿ ಸೆಪ್ಟೆಂಬರ್, ಅಷ್ಟೂ ತಿಂಗಳ ಬಡ್ಡಿ ನಿಮ್ಮ ತಲೆಗೆ.

ಉರ್ವದ ಅಕ್ಕ

ಏಪ್ರಿಲ್, ಮೇಯಲ್ಲಿ ಮನೆ ತೋರಿಸುವಾಗ ನಲ್ಲಿಯಲ್ಲಿ ನೀರು ಇರುವಂತೆ ನೋಡಿಕೊಳ್ಳಿ. ನಮ್ಮೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದ ವರ್ಷ ಊರಿಗೆಲ್ಲ ದಿನ ಬಿಟ್ಟು ದಿನ. ಕಟ್ಟಡಕ್ಕೆ ಸ್ವಂತ ಬಾವಿ ಇದ್ದರೆ ಅದನ್ನು ಜಾಹೀರಾತಿನಲ್ಲೇ ಬರೆಯಿರಿ.

ಪಡುವಣ ಗಾಳಿ

ತೆರಿಗೆಯ ಮಾತು ಬಂತಲ್ಲ ಮೇಲೆ. ಮಾರಿದ ಹಣದಿಂದ ಇನ್ನೊಂದು ಮನೆ ಕೊಂಡರೆ ತೆರಿಗೆ ಇಲ್ಲ. ಅಂದರೆ ಇದೇ ಕೆಲಸವನ್ನು ಸರಪಳಿಯಂತೆ ಮಾಡುತ್ತಾ ಹೋಗಬಹುದು.

ಲೆಕ್ಕದ ಪುಸ್ತಕ

ಆ ವಿನಾಯಿತಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆಯ ಲಾಭಕ್ಕೆ. ಎರಡು ವರ್ಷ ದಾಟಿದರೆ ತೆರಿಗೆಯೂ 12.5 ಪ್ರತಿಶತ ಮಾತ್ರ. ಏಳೆಂಟು ತಿಂಗಳಲ್ಲಿ ಮಾರಿದರೆ ಲಾಭ ನಿಮ್ಮ ಸಂಬಳದ ಜೊತೆ ಸೇರಿ ನಿಮ್ಮ ಹಂತದ ದರದಲ್ಲೇ ತೆರಿಗೆ, ಮೇಲಿನ ಹಂತದಲ್ಲಿದ್ದರೆ ಸೆಸ್ ಸೇರಿ 31.2. ವರ್ಷ ವರ್ಷವೂ ಇದನ್ನೇ ಮಾಡಿದರೆ ಇಲಾಖೆ ಇದನ್ನು ವ್ಯಾಪಾರದ ಆದಾಯ ಎಂದೇ ನೋಡಬಹುದು. ರಿಪೇರಿಯ ಪ್ರತಿಯೊಂದು ಪಾವತಿಯನ್ನೂ ಬ್ಯಾಂಕಿನ ಮೂಲಕ ಮಾಡಿ, ಬಿಲ್ ಇಟ್ಟುಕೊಳ್ಳಿ. ಮೇಸ್ತ್ರಿಗೆ ಕೈಯಲ್ಲಿ ಕೊಟ್ಟ ಹಣವನ್ನು ಖರ್ಚೆಂದು ತೋರಿಸುವುದು ಕಷ್ಟ. ಇನ್ನು 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿಗೆ ಮಾರಿದರೆ ಕೊಳ್ಳುವವರು 1 ಪ್ರತಿಶತ ಟಿಡಿಎಸ್ ಹಿಡಿದು ಕೊಡುತ್ತಾರೆ. ಅದು ನಷ್ಟವಲ್ಲ, ಆಮೇಲೆ ಹೊಂದಿಸಿಕೊಳ್ಳಬಹುದು.

ಬಿಜೈ ಹೊಸಬ

ಎಲ್ಲರಿಗೂ ಮನಸಾರೆ ಧನ್ಯವಾದ. ಭಾನುವಾರ ಜೋರು ಮಳೆಯಲ್ಲೇ ಸುತ್ತಿಗೆ ಹಿಡಿದು ಹೋಗಿದ್ದೆ. ಕಂಡದ್ದನ್ನು ಇದ್ದಂತೆ ಬರೆಯುತ್ತೇನೆ.

ಹಾಲ್, ಬೆಡ್‌ರೂಮಿನ ಛಾವಣಿಯಲ್ಲಿ ಎಲ್ಲ ಕಡೆ ಗಟ್ಟಿ ಸದ್ದು. ಬಾತ್‌ರೂಮಿನಲ್ಲಿ ಮಾತ್ರ ಕಲೆಯ ಸುತ್ತ ಸುಮಾರು ಎರಡು ಚದರ ಅಡಿ ಟೊಳ್ಳು, ನೇರವಾದ ಒಂದು ಬಿರುಕು. ಕಿಟಕಿಯ ಕೆಳಗೆ ನಾನು ನೋಡುತ್ತಿದ್ದಂತೆಯೇ ನೀರು ಜಿನುಗಿತು, ಸನ್‌ಶೇಡ್ ಸೇರುವ ಗೆರೆಯಿಂದಲೇ. ವಾಲ್ವ್ ಮುಚ್ಚಿಸಿ ಗೋಡೆಗೆ ಪೆನ್ಸಿಲಿನ ಗೆರೆ ಹಾಕಿ ಬಂದಿದ್ದೇನೆ. ಕೆಳಗಿನ ಮನೆಯವರು ಒಳ್ಳೆಯ ಜನ, ಒಳಗೆ ಕರೆದರು. ಅವರ ಬಾತ್‌ರೂಮಿಗೆ ಪಿವಿಸಿ ಸೀಲಿಂಗ್ ಹಾಕಿಸಿಕೊಂಡಿದ್ದಾರೆ. ಯಾಕೆ ಎಂದು ಕೇಳಿದೆ. ಐದು ವರ್ಷದ ಹಿಂದೆ ಮೇಲಿನಿಂದ ತೊಟ್ಟಿಕ್ಕುತ್ತಿತ್ತು, ಜಗಳ ಬೇಡವೆಂದು ಹಾಕಿಸಿದೆವು ಎಂದರು.

ಮಾಲೀಕರ ಮಗನ ಜೊತೆ ಮಾತಾಡಿದೆ. 34 ಎಂದೆ. ಒಪ್ಪಲಿಲ್ಲ. ಸೋರುವ ಚಿತ್ರಗಳನ್ನು ಕಳುಹಿಸಿದ ಮೇಲೆ 36ಕ್ಕೆ ಬಂದು ನಿಂತಿದ್ದಾರೆ.

ಮುರಕಲ್ಲು

ಪಿವಿಸಿ ಸೀಲಿಂಗಿನ ಒಂದು ಪಟ್ಟಿಯನ್ನು ಬಿಚ್ಚಿ ಟಾರ್ಚ್ ಹಾಕಿ ನೋಡಲು ಅವರ ಒಪ್ಪಿಗೆ ಕೇಳಿ. ಅಲ್ಲಿಯೂ ಸರಳು ಹೊರಗೆ ಕಂಡರೆ ಆ ಸ್ಲ್ಯಾಬ್ ನಿಮ್ಮ ಬಾತ್‌ರೂಮಿನ ನೆಲ, ಅದರ ರಿಪೇರಿ ನಿಮ್ಮ ಖರ್ಚಿಗೇ ಬರುತ್ತದೆ.

36ರ ಲೆಕ್ಕ: ಶುಲ್ಕ 2.74, ದಲ್ಲಾಳಿ ಮತ್ತು ವಕೀಲರು 0.5, ರಿಪೇರಿ 6.2, ಏಳು ತಿಂಗಳ ಬಡ್ಡಿ 1.05, ನಿರ್ವಹಣೆ 0.2, ಮಾರುವ ದಲ್ಲಾಳಿ 0.52. ಒಟ್ಟು 47.2. 52ಕ್ಕೆ ಮಾರಿದರೆ 4.8 ಉಳಿಯುತ್ತದೆ. 34 ಆಗಿದ್ದರೆ ಹತ್ತಿರ ಹತ್ತಿರ 7.

ಲೆಕ್ಕದ ಪುಸ್ತಕ

4.8ರಲ್ಲಿ ತೆರಿಗೆ ಒಂದೂವರೆ ಹೋದರೆ 3.3. ನಿಮ್ಮ ಸ್ವಂತ ಹಣ 27 ಲಕ್ಷ ಅದರಲ್ಲಿ ಕೂತಿರುತ್ತದೆ. ಅದೇ ಹಣ ಆರೂವರೆ ಪ್ರತಿಶತದ ಠೇವಣಿಯಲ್ಲಿದ್ದರೆ ಏಳು ತಿಂಗಳಿಗೆ ತೆರಿಗೆಗೆ ಮುಂಚೆ ಒಂದು ಲಕ್ಷ. ಎರಡು ಲಕ್ಷ ಚಿಲ್ಲರೆಯ ವ್ಯತ್ಯಾಸಕ್ಕಾಗಿ ಇಷ್ಟು ಓಡಾಟ ಬೇಕೇ ಎಂಬುದನ್ನು ನೀವೇ ನಿರ್ಧರಿಸಬೇಕು. ಮಾರಾಟ ಮೂರು ತಿಂಗಳು ತಡವಾಗಿ, ಬೆಲೆ 50ಕ್ಕೆ ಇಳಿದರೆ ಆ ವ್ಯತ್ಯಾಸವೂ ಉಳಿಯುವುದಿಲ್ಲ.

ಕಂಕನಾಡಿ ದಲ್ಲಾಳಿ

ಎಲ್ಲವನ್ನೂ ಕೆಟ್ಟದ್ದೇ ಆಗುತ್ತದೆ ಎಂದು ಲೆಕ್ಕ ಹಾಕಿದರೆ ಯಾರೂ ಯಾವ ವ್ಯಾಪಾರವನ್ನೂ ಮಾಡುವಂತಿಲ್ಲ. ಬಿಜೈಯಲ್ಲಿ 50ಕ್ಕೆ ಇಳಿಯುವುದಿಲ್ಲ.

ಉರ್ವದ ಅಕ್ಕ

ಮೇಲಿನ ಮನೆಯವರ ವಿಷಯ ಯಾರೂ ಎತ್ತಲಿಲ್ಲವಲ್ಲ? ನೀವು ನಿಮ್ಮ ಛಾವಣಿಗೆ ಎಷ್ಟು ಪಾಲಿಮರ್ ಗಾರೆ ತುಂಬಿದರೂ ಅವರ ಬಾತ್‌ರೂಮ್ ಸೋರುವುದು ನಿಲ್ಲದಿದ್ದರೆ ವರ್ಷದೊಳಗೆ ಮತ್ತೆ ಅದೇ ಕಲೆ. ನಿಮ್ಮಿಂದ ಕೊಂಡವರು ನಿಮ್ಮನ್ನೇ ಬೈಯುತ್ತಾರೆ.

ಬಿಜೈ ಹೊಸಬ

ಅದೇ ಈಗ ದೊಡ್ಡ ತಲೆನೋವು ಅಕ್ಕ. ಮೇಲೆ ಬಾಡಿಗೆಯವರು ಇದ್ದಾರೆ. ಮಾಲೀಕರು ಅಬುಧಾಬಿಯಲ್ಲಿ. ಸಂಘದವರು ಅವರ ನಂಬರ್ ಕೊಟ್ಟರು. ಮಾತಾಡಿದೆ. ನಮ್ಮ ಬಾತ್‌ರೂಮಿನಲ್ಲಿ ಏನೂ ತೊಂದರೆ ಇಲ್ಲ, ನಾವು ಯಾಕೆ ಒಡೆಯಬೇಕು ಎಂದರು.

ಮುರಕಲ್ಲು

ಅವರ ಮಾತು ಅವರ ಮಟ್ಟಿಗೆ ನಿಜ, ಸೋರುವ ಬಾತ್‌ರೂಮಿನವರಿಗೆ ಸೋರಿಕೆ ಕಾಣುವುದಿಲ್ಲ. ನಾನು ಇಂಥ ಕಡೆ ಮಾಡಿದ್ದು ಇದು: ಬಾಡಿಗೆಯವರ ಒಪ್ಪಿಗೆಯಿಂದ ಮೇಲಿನ ನೆಲದಲ್ಲಿ ಬಣ್ಣ ಬೆರೆಸಿದ ನೀರು ನಿಲ್ಲಿಸಿ, ಕೆಳಗೆ ಬಣ್ಣ ಇಳಿಯುವುದನ್ನು ವೀಡಿಯೊ ಮಾಡಿ ಮಾಲೀಕರಿಗೆ ಕಳುಹಿಸಿದೆ. ಆಮೇಲೆ ಅರ್ಧ ಖರ್ಚು ನನ್ನದು ಎಂದೆ. ಒಪ್ಪಿದರು. ಎಲ್ಲ ಸಂದಿಗೂ ಎಪಾಕ್ಸಿ ತುಂಬಿ, ಟ್ರ್ಯಾಪಿನ ಸುತ್ತ ಮಾತ್ರ ಒಡೆದು ಲೇಪನ ಹಾಕಿದರೆ ಕೆಲವೊಮ್ಮೆ ಇಡೀ ನೆಲ ಒಡೆಯುವ ಅಗತ್ಯ ಬರುವುದಿಲ್ಲ. ಅದು ಸಂದಿಯಿಂದ ಸೋರುತ್ತಿದ್ದರೆ ಮಾತ್ರ. ಪೈಪ್ ಸೋರುತ್ತಿದ್ದರೆ ಉಪಯೋಗವಿಲ್ಲ.

ನಿಮ್ಮ ಪಾಲಿನ ಖರ್ಚಿಗೆ 40,000 ಇಟ್ಟುಕೊಳ್ಳಿ. ಅಷ್ಟನ್ನು ಮಾರುವವರಿಂದ ಇಳಿಸಲು ಕೇಳಿ.

ಪಡುವಣ ಗಾಳಿ

ಅವರು ಒಪ್ಪದಿದ್ದರೆ ಪಾಲಿಕೆಗೆ ದೂರು ಕೊಡಬಹುದಲ್ಲ?

ಉರ್ವದ ಅಕ್ಕ

ಕೊಡಬಹುದು. ಆದರೆ ಮೇ ಒಳಗೆ ಮಾರಬೇಕಾದವರು ದೂರಿನ ಹಿಂದೆ ಓಡಾಡಿದರೆ ಮೇ ಬಂದು ಹೋಗಿರುತ್ತದೆ.

ಬಿಜೈ ಹೊಸಬ

ಇವತ್ತು ಹನ್ನೊಂದನೆಯ ದಿನ. ಅಡುಗೆಮನೆಯ ಗೋಡೆಯ ಪೆನ್ಸಿಲ್ ಗೆರೆಯಿಂದ ಒದ್ದೆ ಮೂರು ಬೆರಳು ಕೆಳಗೆ ಇಳಿದಿದೆ. ಅಂದರೆ ಪೈಪ್ ಎಂದು ತಿಳಿಯಬಹುದೇ?

ಮುರಕಲ್ಲು

ಮಳೆಗಾಲದಲ್ಲೇ ಮೂರು ಬೆರಳು ಇಳಿದಿದ್ದರೆ ಹೌದು, ಹೆಚ್ಚಿನ ಪಾಲು ಪೈಪ್. ಒಳ್ಳೆಯ ಸುದ್ದಿ. ಹೇಗೂ ಪೈಪ್ ಎಲ್ಲ ಬದಲಿಸುವುದಿದೆ. ವಾಲ್ವ್ ತೆಗೆಯಬೇಡಿ, ಇನ್ನೂ ಒಂದು ವಾರ ಹಾಗೇ ಇರಲಿ. ಅಬುಧಾಬಿಯವರು ಏನೆಂದರು?

ಬಿಜೈ ಹೊಸಬ

ಬಾಡಿಗೆಯವರು ಶನಿವಾರ ಬಣ್ಣದ ನೀರಿಗೆ ಒಪ್ಪಿದ್ದಾರೆ. ಮಾಲೀಕರು ವೀಡಿಯೊ ನೋಡಿ ಹೇಳುತ್ತೇನೆ ಎಂದಿದ್ದಾರೆ. ಅದು ಗೊತ್ತಾಗುವವರೆಗೆ ಮುಂಗಡ ಕೊಡುವುದಿಲ್ಲ ಎಂದು ಬೆಂಗಳೂರಿಗೂ ಹೇಳಿದ್ದೇನೆ. ಬೇರೆ ಗಿರಾಕಿ ಇದ್ದಾರೆ ಎನ್ನುತ್ತಿದ್ದಾರೆ.

ಕಂಕನಾಡಿ ದಲ್ಲಾಳಿ

ಆಟಿ ಶುರುವಾಗುತ್ತಿದೆ. ಬೇರೆ ಗಿರಾಕಿ ಇರಲಾರರು. ಕಾಯಿರಿ.